ಎರಡು ಅಕ್ಕಿ ಮೂಟೆ ಒಂದೇನಾ, ಬೇರೆನಾ?

"ನಮ್ಮ ದಿನಸಿ ಪಟ್ಟಿಯಲ್ಲಿ 5 ಲಕ್ಷ ಐಟಂ ಇವೆ. ಒಂದೇ ಸಾಮಾನನ್ನು ಬೇರೆ ಬೇರೆ ಮಾರಾಟಗಾರರು ಬೇರೆ ಬೇರೆ ಥರ ಬರೆದಿದ್ದಾರೆ. ಪದ ಹೋಲಿಸಿ ನೋಡಿದರೆ ತಪ್ಪೇ ಜಾಸ್ತಿ ಬರ್ತಿದೆ. ಏನು ಮಾಡಲಿ?"

ನಾನೂ ಇಂಥದ್ದೇ ಪಟ್ಟಿಯ ಮೇಲೆ ಕೆಲಸ ಮಾಡಿದ್ದೇನೆ. ಅಲ್ಲಿ ತೊಂದರೆ ಕೊಟ್ಟಿದ್ದು ತೂಕದ ಅಂಕಿ. ಈ ಮೂರನ್ನು ನೋಡಿ:

ಸೋನಾ ಮಸೂರಿ ಹಳೆ ಅಕ್ಕಿ 25 ಕೆಜಿ
ಸೋನಾ ಮಸೂರಿ ಹಳೆ ಅಕ್ಕಿ 5 ಕೆಜಿ
ಹಳೆ ಅಕ್ಕಿ, ಸೋನಾ ಮಸೂರಿ, 25kg ಮೂಟೆ

ಎರಡು ಹೆಸರಲ್ಲೂ ಇರುವ ಪದಗಳ ಸಂಖ್ಯೆಯನ್ನು, ಎರಡೂ ಸೇರಿ ಇರುವ ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸಿದರೆ ಜಕಾರ್ಡ್ ಅಂಕ ಸಿಗುತ್ತದೆ; ಒಂದೇ ಪದವನ್ನು ಒಮ್ಮೆ ಮಾತ್ರ ಎಣಿಸಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ 7ರಲ್ಲಿ 5, ಅಂದರೆ 0.71. ಮೊದಲನೆಯದಕ್ಕೂ ಮೂರನೆಯದಕ್ಕೂ 8ರಲ್ಲಿ 4, ಬರೀ 0.5. ಬೇರೆ ಸಾಮಾನಿಗೇ ಜಾಸ್ತಿ ಅಂಕ ಬಂತು, ಅಲ್ವಾ?

ಅದಕ್ಕೇ ತೂಕವನ್ನು ಮೊದಲು ಕಿತ್ತು ಬೇರೆ ಕಾಲಮ್ಮಿಗೆ ಹಾಕಿ, ಎಲ್ಲವನ್ನೂ ಗ್ರಾಂಗೆ ತನ್ನಿ. ಆಗ ಮೊದಲನೆಯದು, ಮೂರನೆಯದು ಎರಡೂ 25000. ಉಳಿದ ಪದಗಳಲ್ಲಿ 5ಕ್ಕೆ 4 ಹೊಂದುತ್ತವೆ, ಅಂಕ 0.8. ಎರಡನೆಯದರ ತೂಕ 5000, ಅದು ಅಲ್ಲೇ ಹೊರಗೆ.

ಇನ್ನೊಂದು, ಕನ್ನಡಕ್ಕೇ ಸೇರಿದ್ದು. 'ಸೋ' ಅಕ್ಷರದ ಓ ಸ್ವರಚಿಹ್ನೆ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಭಾಗಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಪದ. ಕಾಣದ ಜೋಡಕ ಚಿಹ್ನೆಗಳೂ ಹೀಗೇ ಕಾಡುತ್ತವೆ. ಹೋಲಿಸುವ ಮೊದಲು ಸಂಕೇತಗಳನ್ನು ಒಂದೇ ರೂಪಕ್ಕೆ ತಂದು, ಆ ಚಿಹ್ನೆಗಳನ್ನು ತೆಗೆದುಹಾಕಿ:

```python
import unicodedata
s = unicodedata.normalize("NFC", s)
s = s.replace("\u200c", "").replace("\u200d", "")
```

ಈಗ ವೇಗದ ಮಾತು. 5 ಲಕ್ಷ ಐಟಂ ಅಂದರೆ ಸುಮಾರು 12,500 ಕೋಟಿ ಜೋಡಿ. ಎಲ್ಲವನ್ನೂ ಹೋಲಿಸುತ್ತಾ ಕೂರಲು ಆಗುವುದಿಲ್ಲ. ಮಿನ್‌ಹ್ಯಾಶ್ ಬಳಸಿ. ಅದು ಹೆಸರಿನ ಪದಗಳಿಂದ ಹ್ಯಾಶ್ ಎಂಬ ಗುರುತಿನ ಅಂಕಿಗಳನ್ನು ಮಾಡುತ್ತದೆ; ಎರಡು ಹೆಸರಿನ ಒಂದೊಂದು ಹ್ಯಾಶ್ ಹೊಂದುವ ಸಾಧ್ಯತೆ ಅವುಗಳ ಜಕಾರ್ಡ್ ಅಂಕದಷ್ಟೇ ಇರುತ್ತದೆ. ಪ್ರತಿ ಹೆಸರಿಗೆ 100 ಹ್ಯಾಶ್ ತೆಗೆದು, ಐದೈದರ 20 ಗುಂಪು ಮಾಡಿ. ಯಾವುದಾದರೂ ಒಂದು ಗುಂಪು ಪೂರ್ತಿ ಹೊಂದಿದ ಜೋಡಿಯನ್ನು ಮಾತ್ರ ಹೋಲಿಸಿ. ಅಂಕ 0.8 ಇರುವ ಜೋಡಿ ಹೀಗೆ ಸಿಕ್ಕಿಬೀಳುವ ಸಾಧ್ಯತೆ 99.9%ಕ್ಕೂ ಹೆಚ್ಚು. 0.5 ಇದ್ದರೆ ಸುಮಾರು 47%. ತೂಕ ಕೀಳದೆ ಬಿಟ್ಟಿದ್ದರೆ ನಮ್ಮ ಅಕ್ಕಿ ಮೂಟೆ ಅರ್ಧಕ್ಕರ್ಧ ಸಲ ತಪ್ಪಿಸಿಕೊಳ್ಳುತ್ತಿತ್ತು.

ಇಷ್ಟಾದರೂ 'ಹಳೆ ಅಕ್ಕಿ', 'ಹೊಸ ಅಕ್ಕಿ' ಒಂದೇ ಅಂತ ಬರಬಹುದು. ಒಂದೇ ಪದದ ವ್ಯತ್ಯಾಸ, ಆದರೆ ಅನ್ನ ಮಾಡುವವರಿಗೆ ಅವು ಬೇರೆಯೇ ಅಕ್ಕಿ. ಅಂಕ ನೋಡಿ ಇದು ತಿಳಿಯುವುದಿಲ್ಲ. ಹಳೆ/ಹೊಸ, ಸ್ಟೀಮ್/ರಾ, ಇಡಿ/ನುಚ್ಚು ಇಂಥ ಪದಗಳ ಪಟ್ಟಿಯನ್ನು ಕೈಯಾರೆ ಮಾಡಿ. ಎದುರುಬದುರು ಪದ ಬಂದರೆ ಆ ಜೋಡಿ ಬಿಟ್ಟುಬಿಡಿ. ಅಂಗಡಿಯಲ್ಲಿ ಕೂತವರನ್ನು ಕೇಳಿದರೆ ಈ ಪಟ್ಟಿ ಬೇಗ ಆಗುತ್ತದೆ.

ಎಷ್ಟು ಅಂಕದ ಮೇಲೆ ಒಂದೇ ಸಾಮಾನು ಅನ್ನಬೇಕು ಎಂಬ ಗಡಿಯನ್ನು ಸುಮ್ನೆ ಊಹಿಸಬೇಡಿ. 0.6ರಿಂದ 0.8ರ ನಡುವಿನ 200 ಜೋಡಿ ತೆಗೆದು ಕಣ್ಣಾರೆ ನೋಡಿ. ತಪ್ಪು ಎಲ್ಲಿಂದ ಜಾಸ್ತಿಯಾಗುತ್ತದೋ ಅದಕ್ಕಿಂತ ಸ್ವಲ್ಪ ಮೇಲೆ ಗಡಿ ಇಡಿ. ಅದರ ಕೆಳಗಿನ ಜೋಡಿಗಳನ್ನು ಯಾರಾದರೂ ನೋಡಿಯೇ ಸೇರಿಸಲಿ.