ಗೆಳತಿ ನಿನ್ನೆಯ ಮಾತು ಮರೆಯಲ್ಲ, ಚಾಟ್‌ಬಾಟ್ ಯಾಕೆ ಮರೆಯುತ್ತೆ?

ಪ್ರಶ್ನೆ: ಚಾಟ್‌ಬಾಟ್‌ಗೆ ಮೊದಲೇ ಹೇಳಿದ್ದು ಆಮೇಲೆ ನೆನಪೇ ಇರಲ್ಲ. ನಮ್ಮ ಮರೆವೂ ಅದರ ಮರೆವೂ ಒಂದೇನಾ?

ಉತ್ತರ: ಒಂದೇ ಅಲ್ಲ. ನಾವು ಮೊದಲು ಕಳೆದುಕೊಳ್ಳುವುದು ಪದಗಳನ್ನು, ತಿರುಳನ್ನಲ್ಲ. 1967ರಲ್ಲಿ ಸಂಶೋಧಕಿ ಜಾಕ್ವೆಲಿನ್ ಸ್ಯಾಕ್ಸ್ ಜನರಿಗೆ ಕತೆ ಕೇಳಿಸಿ ಪರೀಕ್ಷಿಸಿದರು. ಒಂದು ವಾಕ್ಯ ಕೇಳಿ ಅರ್ಧ ನಿಮಿಷ ಆಗುವಷ್ಟರಲ್ಲಿ ಅದರ ಪದಜೋಡಣೆ ಬದಲಾದರೆ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಅರ್ಥ ಬದಲಾದರೆ ಮಾತ್ರ ಥಟ್ಟನೆ ಗೊತ್ತಾಯಿತು.

ಚಾಟ್‌ಬಾಟ್‌ನ ಒಳಗೆ ಉತ್ತರ ಬರೆಯುವ ಮಾಡೆಲ್ ಇದಕ್ಕೆ ಉಲ್ಟಾ. ಪ್ರತಿ ಸಲ ಉತ್ತರಿಸುವಾಗ ಇಡೀ ಸಂಭಾಷಣೆಯೇ ಅದರ ಮುಂದಿರುತ್ತದೆ, ಪದಶಃ. ಆದರೆ ಆ ಜಾಗಕ್ಕೆ ಅಳತೆ ಇದೆ. ಅದನ್ನು ಎಣಿಸುವುದು ಟೋಕನ್, ಅಂದರೆ ಪದಗಳ ತುಂಡುಗಳ ಲೆಕ್ಕದಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ಜಾಗ 8,000 ಟೋಕನ್. ನಿನ್ನ ಪ್ರಶ್ನೆ, ಅದರ ಉತ್ತರ ಸೇರಿ ಒಂದು ಸುತ್ತಿಗೆ 400. ಇಪ್ಪತ್ತು ಸುತ್ತಿಗೆ ಜಾಗ ಭರ್ತಿ. ಮೊದಲ ಸುತ್ತಿನಲ್ಲಿ 'ನನಗೆ ಬೆಕ್ಕು ಅಂದ್ರೆ ಭಯ' ಅಂತ ಹೇಳಿದ್ದೆ ಅಂದುಕೋ. ಇಪ್ಪತ್ತೊಂದನೆಯದಕ್ಕೆ ಜಾಗ ಬೇಕಲ್ವಾ? ಹಳೆಯದನ್ನು ಬಿಟ್ಟುಬಿಡುವ ಆ್ಯಪ್ ಆದರೆ ಆ ಬೆಕ್ಕಿನ ಮಾತು ಹೊರಗೆ. ತಿರುಳೂ ಉಳಿಯದು. ಆಮೇಲೆ ಒಂದು ಬೆಕ್ಕನ್ನು ಸಾಕು ಅಂತ ಚಾಟ್‌ಬಾಟ್ ಸಲಹೆ ಕೊಟ್ಟೀತು! (ಅನೇಕ ಮಾಡೆಲ್‌ಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ಬೇಕು. ನಮ್ಮ ಮಾತಿಗೆ ಜಾಗ ಬೇಗ ತುಂಬುತ್ತದೆ.)

ಕೆಲವು ಆ್ಯಪ್‌ಗಳು ಹಳೆಯ ಮಾತಿನ ಸಾರಾಂಶ ಬರೆದಿಟ್ಟುಕೊಳ್ಳುತ್ತವೆ. ಪತ್ತೆ ಹಚ್ಚಬೇಕಾ? 'ನನ್ನ ಮೊದಲ ವಾಕ್ಯವನ್ನು ಹಾಗೇ ಹೇಳು' ಅನ್ನು. ವಿಷಯ ಸರಿ, ಪದ ಬೇರೆ ಬಂದರೆ ಅದರ ಹತ್ತಿರ ಇರುವುದು ಬಹುಶಃ ಸಾರಾಂಶ ಮಾತ್ರ.