ಗ್ರಿಡ್ ಟ್ರೇಡಿಂಗ್‌ನಲ್ಲಿ ರೇಂಜ್ ಆಯ್ಕೆ ಮತ್ತು ರೇಂಜ್ ಮುರಿದಾಗಿನ ನಷ್ಟದ ಲೆಕ್ಕ

ಪ್ರಶ್ನೆ: "ನಮ್ಮದು ಮೂಡಿಗೆರೆ. ಕಾಫಿ ಮಾರಿದ ಹಣದಲ್ಲಿ ಒಂದು ಲಕ್ಷ ತೆಗೆದು ಕ್ರಿಪ್ಟೋ ಗ್ರಿಡ್ ಬಾಟ್ ಹಾಕಬೇಕೆಂದಿದ್ದೇನೆ. ರೇಂಜ್ ಹೇಗೆ ಆರಿಸಬೇಕು? ಬೆಲೆ ರೇಂಜ್ ಬಿಟ್ಟು ಹೋದರೆ ಏನು ಮಾಡಬೇಕು?"

ಹಾಸನದಲ್ಲಿ ತೆರಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ಸ್ವಂತ ಹಣದಲ್ಲಿ ಗ್ರಿಡ್ ಕೂಡ ನಡೆಸುತ್ತೇನೆ. ಗ್ರಿಡ್ ಎಂದರೆ ನೀವು ಆರಿಸಿದ ಎರಡು ಬೆಲೆಗಳ ನಡುವೆ, ಅಂದರೆ ರೇಂಜ್‌ನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದಾಗ ಕೊಂಡು ಏರಿದಾಗ ಮಾರುವ ಆರ್ಡರ್‌ಗಳ ಸಾಲು; ಅದನ್ನು ತಾನಾಗಿ ನಡೆಸುವ ಪ್ರೋಗ್ರಾಂ ಬಾಟ್. ನನ್ನ ಸಲಹೆಯೆಂದರೆ, ಲಾಭಕ್ಕಿಂತ ಮೊದಲು ರೇಂಜ್ ಕೆಳಕ್ಕೆ ಮುರಿದರೆ ಎಷ್ಟು ಹೋಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

100 ರೂಪಾಯಿಯ ಒಂದು ಕಾಯಿನ್ 90 ಮತ್ತು 110ರ ನಡುವೆ ಓಡಾಡುತ್ತಿದೆ ಎಂದುಕೊಳ್ಳಿ. ಎರಡೆರಡು ರೂಪಾಯಿಯ ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ 100 ಕಾಯಿನ್. ಮೇಲಿನ ಐದು ಮಾರಾಟದ ಆರ್ಡರ್‌ಗಳಿಗಾಗಿ ಮೊದಲೇ 500 ಕಾಯಿನ್‌ಗಳನ್ನು 50,000 ರೂಪಾಯಿಗೆ ಕೊಳ್ಳಬೇಕು. ಕೆಳಗೆ 98ರಿಂದ 90ರವರೆಗಿನ ಐದು ಖರೀದಿ ಆರ್ಡರ್‌ಗಳಿಗೆ 47,000 ಬೇಕು. ಬೆಲೆ ಒಂದು ಮೆಟ್ಟಿಲು ಇಳಿದು ಮತ್ತೆ ಏರಿದರೆ 200 ರೂಪಾಯಿ ಬರುತ್ತದೆ, ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಶೇ 0.2 ಎಂದು ಹಿಡಿದರೆ 160 ಉಳಿಯುತ್ತದೆ. ಆದರೆ ಬೆಲೆ ನೇರವಾಗಿ 90ಕ್ಕೆ ಇಳಿದರೆ ನಿಮ್ಮ ಕೈಯಲ್ಲಿ ಸರಾಸರಿ 97 ರೂಪಾಯಿಗೆ ಕೊಂಡ ಸಾವಿರ ಕಾಯಿನ್ ಇರುತ್ತವೆ. 88ಕ್ಕೆ ಸ್ಟಾಪ್ ಲಾಸ್, ಅಂದರೆ ಆ ಬೆಲೆ ಮುಟ್ಟಿದೊಡನೆ ಎಲ್ಲವನ್ನೂ ಮಾರುವ ಆರ್ಡರ್, ಇಟ್ಟಿದ್ದರೆ ನಷ್ಟ 9,000. ಸ್ಟಾಪ್ ಇಲ್ಲದೆ 80ಕ್ಕೆ ಹೋದರೆ 17,000.

ನಮ್ಮ ದೇಶದಲ್ಲಿ ಈ ನಷ್ಟ ಇನ್ನೂ ಭಾರವಾಗುತ್ತದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ ಶೇ 30 ತೆರಿಗೆ ಮತ್ತು ಸೆಸ್ ಇದೆ, ನಷ್ಟವನ್ನು ಯಾವ ಲಾಭದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ತೆರಿಗೆ ಬೀಳುವುದು ಶುಲ್ಕ ಕಳೆಯುವ ಮೊದಲಿನ 200ರ ಮೇಲೆ, ಹಾಗಾಗಿ ಒಂದು ಸುತ್ತಿನ 160ರಲ್ಲಿ ನಿಮಗೆ ಉಳಿಯುವುದು ಸುಮಾರು 100, ಅಂದರೆ ಒಂದು ಸ್ಟಾಪ್ ಲಾಸ್ ತುಂಬಿಕೊಳ್ಳಲು ಸುಮಾರು 90 ಸುತ್ತು ಬೇಕು. ಜೊತೆಗೆ ಅದೇ ವರ್ಷದ ಜುಲೈನಿಂದ ಪ್ರತಿ ಮಾರಾಟದ ಪೂರ್ತಿ ಮೊತ್ತದ ಮೇಲೆ ಶೇ 1 ಟಿಡಿಎಸ್ ಕಡಿತವಾಗುತ್ತದೆ. 10,200 ರೂಪಾಯಿಯ ಮಾರಾಟಕ್ಕೆ 102 ರೂಪಾಯಿ ಹೋಗಿ, ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳುವವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ. ಮೆಟ್ಟಿಲು ಶೇ 1.5ಕ್ಕಿಂತ ಸಣ್ಣದಾದರೆ ಟಿಡಿಎಸ್ ಮತ್ತು ಶುಲ್ಕ ಸೇರಿ ಗ್ರಿಡ್‌ನ ನಗದನ್ನೇ ತಿನ್ನುತ್ತವೆ, ಕೊನೆಗೆ ಖರೀದಿ ಆರ್ಡರ್‌ಗಳಿಗೆ ಹಣ ಸಾಲದೆ ಬಾಟ್ ನಿಲ್ಲುತ್ತದೆ. ಶೇ 0.5ರ ಮೆಟ್ಟಿಲುಗಳನ್ನು ತೋರಿಸುವ ವಿದೇಶಿ ವಿಡಿಯೋಗಳನ್ನು ನೋಡಿ ಗ್ರಿಡ್ ಹಾಕಬೇಡಿ ಎನ್ನುವುದು ಇದಕ್ಕೇ.

ಇನ್ನು ರೇಂಜ್. ದಿನದ ಚಾರ್ಟ್‌ನಲ್ಲಿ ಬೆಲೆ ಮೇಲಿನ ಗಡಿಯಿಂದಲೂ ಕೆಳಗಿನ ಗಡಿಯಿಂದಲೂ ಕನಿಷ್ಠ ಎರಡು ಮೂರು ಬಾರಿ ಹಿಂದಿರುಗಿರಬೇಕು. ಗಡಿ ಗುರುತಿಸಲು ಕ್ಯಾಂಡಲ್‌ಗಳು, ಅಂದರೆ ಒಂದೊಂದು ಅವಧಿಯ ಬೆಲೆ ತೋರಿಸುವ ಕಡ್ಡಿಗಳು, ಮುಗಿದ ಬೆಲೆಯನ್ನು ನೋಡಿ. ಉದ್ದನೆಯ ಬಾಲದ ತುದಿಯನ್ನಲ್ಲ. ದಿನವೊಂದರ ಸರಾಸರಿ ಏರಿಳಿತವನ್ನು ತೋರಿಸುವ ಎಟಿಆರ್ ಮೆಟ್ಟಿಲಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಆರ್ಡರ್‌ಗಳು ತುಂಬುವುದೇ ಅಪರೂಪ. ಆದರೆ ಏರಿಳಿತ ವಾರದಿಂದ ವಾರಕ್ಕೆ ಕುಗ್ಗುತ್ತಿರುವ ರೇಂಜ್ ಅನ್ನು ಶಾಂತವೆಂದು ನಂಬಬಾರದು. 2018ರಲ್ಲಿ ಬಿಟ್‌ಕಾಯಿನ್ 6,000 ಡಾಲರ್ ಆಸುಪಾಸಿನಿಂದ ಹಲವು ಬಾರಿ ಮೇಲೆದ್ದಿತ್ತು, ಅಕ್ಟೋಬರ್‌ನಲ್ಲಿ ಅದರ ಚಲನೆ ತೀರಾ ಕಡಿಮೆಯಾಗಿತ್ತು. ನವೆಂಬರ್ ಮಧ್ಯದಲ್ಲಿ 6,000 ಮುರಿದು, ಒಂದೇ ತಿಂಗಳಲ್ಲಿ 3,200ರ ಹತ್ತಿರಕ್ಕೆ ಬಂತು. ಕೆಳಗಿನ ಗಡಿ ಗಟ್ಟಿ ಎಂದು ಅಲ್ಲಿ ಗ್ರಿಡ್ ಹಾಕಿದವರ ಖರೀದಿ ಆರ್ಡರ್‌ಗಳೆಲ್ಲ ಆ ಇಳಿತದಲ್ಲೇ ತುಂಬಿದವು.

ಕೆಳಕ್ಕೆ ಮುರಿದಾಗ ನಾನು ಎರಡು ಹಂತದಲ್ಲಿ ಹೊರಬರುತ್ತೇನೆ. ನಾಲ್ಕು ಗಂಟೆಯ ಕ್ಯಾಂಡಲ್ ಕೆಳಗಿನ ಗಡಿಯ ಹೊರಗೆ ಮುಗಿದರೆ ಬಾಟ್ ನಿಲ್ಲಿಸಿ ಹೊಸ ಖರೀದಿ ತಡೆಯುತ್ತೇನೆ, ಆದರೆ ಇರುವ ಕಾಯಿನ್ ಮಾರುವುದಿಲ್ಲ, ಏಕೆಂದರೆ ಅನೇಕ ಮುರಿತಗಳು ಸುಳ್ಳಾಗಿ ಬೆಲೆ ಒಳಗೆ ಮರಳುತ್ತದೆ. ಬೆಲೆ ಸ್ಟಾಪ್ ಮುಟ್ಟಿದರೆ ಎಲ್ಲವನ್ನೂ ಮಾರುತ್ತೇನೆ. ಆ ಸ್ಟಾಪ್ ಎಕ್ಸ್‌ಚೇಂಜ್‌ನಲ್ಲೇ ಇರಬೇಕು, ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ: ಈ ಮಾರುಕಟ್ಟೆ ರಾತ್ರಿಯೂ ಮುಚ್ಚುವುದಿಲ್ಲ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ನಿಮಗೇ ಗೊತ್ತು. ಸ್ಟಾಪ್ ಲಿಮಿಟ್ ಆರ್ಡರ್ ಆದರೆ ಲಿಮಿಟ್ ಬೆಲೆಯನ್ನು, ಅಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಮಿತಿಯನ್ನು, ಸ್ಟಾಪ್‌ಗಿಂತ ಸಾಕಷ್ಟು ಕೆಳಗಿಡಿ. ಇಲ್ಲದಿದ್ದರೆ ಕೊಳ್ಳುವವರು ಕಡಿಮೆ ಇರುವ ಕಾಯಿನ್‌ನಲ್ಲಿ ಬೆಲೆ ಅದನ್ನು ದಾಟಿ ಹೋಗಿ ಆರ್ಡರ್ ಹಾಗೇ ಉಳಿದುಬಿಡುತ್ತದೆ. ಬೆಲೆ ಬಿದ್ದಾಗ ಕೆಳಗೆ ಇನ್ನೊಂದು ಗ್ರಿಡ್ ಸೇರಿಸಿದರೆ, ಮೊದಲೇ ಬರೆದಿಟ್ಟ 9,000ದ ಮಿತಿಗೆ ಅರ್ಥವೇ ಉಳಿಯುವುದಿಲ್ಲ.

ಮೇಲಕ್ಕೆ ಮುರಿದರೆ ಕಾಯಿನ್‌ಗಳೆಲ್ಲ ಮಾರಾಟವಾಗಿ ರೂಪಾಯಿ ಕೈಗೆ ಬಂದಿರುತ್ತದೆ. ಮುಂದಿನ ಏರಿಕೆ ತಪ್ಪಿತೆಂದು ತಕ್ಷಣ ಗ್ರಿಡ್ ಮೇಲೆತ್ತಿದರೆ ತುದಿಯಲ್ಲಿ ಅರ್ಧ ಹಣದ ಕಾಯಿನ್ ಕೊಂಡಂತಾಗುತ್ತದೆ, ಆದ್ದರಿಂದ ಹೊಸ ಗಡಿಗಳು ಕಾಣುವವರೆಗೆ ಕಾಯಿರಿ. ಲೆವರೇಜ್, ಅಂದರೆ ಸಾಲದ ಬಲ, ಇರುವ ಫ್ಯೂಚರ್ಸ್ ಗ್ರಿಡ್ ಸದ್ಯಕ್ಕೆ ಬೇಡವೇ ಬೇಡ.

9,000 ನಷ್ಟ ನಿಮಗೆ ಹೆಚ್ಚೆನಿಸಿದರೆ ಸ್ಟಾಪ್ ಅನ್ನು 88ರಿಂದ 89.50ಕ್ಕೆ ತರಬೇಡಿ, ಅದು ಸಾಮಾನ್ಯ ಏರಿಳಿತದಲ್ಲೇ ತಾಗಿಬಿಡುತ್ತದೆ. ಪ್ರತಿ ಮೆಟ್ಟಿಲಿಗೆ 100ರ ಬದಲು 40 ಕಾಯಿನ್ ಇಡಿ. ಆಗ ಅದೇ ಸ್ಟಾಪ್‌ನಲ್ಲಿ ಹೋಗುವುದು 3,600.