ಗಂಟಲುನೋವು ಬಂದವನಿಗೆ ಕಬಡ್ಡಿ ಏಕೆ ಬೇಡ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಎರಡು ವಾರದಿಂದ ಗಂಟಲುನೋವು, ವಿಪರೀತ ಸುಸ್ತು. ಡಾಕ್ಟರು ಗ್ಲ್ಯಾಂಡುಲಾರ್ ಫೀವರ್ ಎಂದಿದ್ದಾರೆ. ಜ್ವರ ಬಿಟ್ಟಿದೆ, ಆದರೂ ಕಬಡ್ಡಿ ಆಡಬಾರದಂತೆ. ಗಂಟಲಿಗೂ ಕಬಡ್ಡಿಗೂ ಏನು ಸಂಬಂಧ?

ನಾನು ಮಕ್ಕಳ ವೈದ್ಯ. ನಿಮ್ಮ ಡಾಕ್ಟರು ಕಬಡ್ಡಿ ಬೇಡ ಎಂದಿರುವುದು ಗಂಟಲಿನ ಕಾರಣಕ್ಕಲ್ಲ, ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮ ಅಥವಾ ಸ್ಪ್ಲೀನ್ ಎಂಬ ಅಂಗದ ಕಾರಣಕ್ಕೆ.

ಈ ಜ್ವರವನ್ನು ಸಾಮಾನ್ಯವಾಗಿ ತರುವುದು ಎಪ್‌ಸ್ಟೀನ್-ಬಾರ್ ಎಂಬ ವೈರಸ್. ಅದು ಎಂಜಲಿನ ಮೂಲಕ ಹರಡುತ್ತದೆ ಮತ್ತು ದೇಹದೊಳಗೆ ಸೇರಿದ ನಾಲ್ಕರಿಂದ ಆರು ವಾರಗಳ ನಂತರ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲಿ ತಗುಲಿದರೆ ಬಹುಪಾಲು ಮಕ್ಕಳಲ್ಲಿ ಸಣ್ಣ ನೆಗಡಿಯಷ್ಟೇ ಬಂದು ಹೋಗುತ್ತದೆ. ಹದಿಹರೆಯದಲ್ಲಿ ಮೊದಲ ಬಾರಿಗೆ ತಗುಲಿದರೆ ಮಾತ್ರ ಹೀಗೆ ವಾರಗಟ್ಟಲೆ ಕಾಡುತ್ತದೆ. ವೈರಸ್ಸು ಸೇರಿಕೊಳ್ಳುವುದು ರಕ್ತದ ಒಂದು ಬಗೆಯ ಬಿಳಿಕಣಗಳಲ್ಲಿ. ಅವುಗಳನ್ನು ಹತ್ತಿಕ್ಕಲು ದೇಹವು ಇನ್ನೊಂದು ಬಗೆಯ ಬಿಳಿಕಣಗಳನ್ನು ಅಪಾರವಾಗಿ ಹುಟ್ಟಿಸುತ್ತದೆ, ಮತ್ತು ಆ ಕಣಗಳು ಟಾನ್ಸಿಲ್‌ಗಳಲ್ಲಿ, ಕುತ್ತಿಗೆಯ ಗ್ರಂಥಿಗಳಲ್ಲಿ, ಗುಲ್ಮದಲ್ಲಿ ತುಂಬಿಕೊಳ್ಳುತ್ತವೆ. ಗಂಟಲು ಊದಿದ್ದು ನಮಗೆ ಕಾಣುತ್ತದೆ, ಗುಲ್ಮ ಊದಿದ್ದು ಕಾಣುವುದಿಲ್ಲ.

ಮಾಮೂಲಿ ಗುಲ್ಮ ಮುಷ್ಟಿಯಷ್ಟಿದ್ದು ಪಕ್ಕೆಲುಬುಗಳ ರಕ್ಷಣೆಯಲ್ಲಿರುತ್ತದೆ. ಈ ಜ್ವರದಲ್ಲಿ ಅದು ಹಿಗ್ಗಿ ಎಲುಬಿನಂಚಿನಿಂದ ಕೆಳಗಿಳಿಯಬಹುದು. ಒಳಗೆಲ್ಲ ರಕ್ತ ತುಂಬಿದ್ದು, ಹೊರಪೊರೆ ಎಳೆದು ತೆಳುವಾಗಿರುತ್ತದೆ. ಮೇಲೆ ಬಿದ್ದ ಒಬ್ಬನ ಮೊಣಕಾಲು ತಾಗಿದರೂ ಅದು ಬಿರಿದು, ಹೊಟ್ಟೆಯೊಳಗೆ ರಕ್ತ ಸೋರತೊಡಗಬಹುದು. ಹೀಗಾಗುವುದು ತೀರಾ ಅಪರೂಪ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಆದಾಗ ಪ್ರಾಣಕ್ಕೆ ಬರುವಂಥದ್ದು. ಹೆಚ್ಚಿನವು ಕಾಯಿಲೆಯ ಮೊದಲ ಮೂರು-ನಾಲ್ಕು ವಾರಗಳಲ್ಲೇ ಆಗುತ್ತವೆ, ಕೆಲವಂತೂ ಯಾವ ಪೆಟ್ಟೂ ಇಲ್ಲದೆ ಆಗುತ್ತವೆ. ಆದ್ದರಿಂದ ಆಟದ ಜೊತೆಗೆ ಭಾರ ಎತ್ತುವುದನ್ನೂ, ಮನೆಯಲ್ಲಿ ತಮ್ಮನೊಂದಿಗೆ ಹಾಸಿಗೆಯ ಮೇಲೆ ಕುಸ್ತಿಯಾಡುವುದನ್ನೂ ನಿಲ್ಲಿಸಬೇಕು. ಮನೆಯ ಈ ಕುಸ್ತಿಯನ್ನು ತಂದೆತಾಯಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಾನು ನೋಡಿದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ವಯಸ್ಸು 17, ಕಾಲೇಜಿನ ಕಬಡ್ಡಿ ತಂಡದವನು. ಟಾನ್ಸಿಲ್ ಮೇಲೆ ಬಿಳಿ ಪೊರೆ ಕಂಡಿದ್ದರಿಂದ ಬೇರೆಡೆ ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್ ಆದ ಅಮಾಕ್ಸಿಸಿಲಿನ್ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಮೈಯೆಲ್ಲ ಕೆಂಪು ದದ್ದು ಎದ್ದಿತ್ತು. ಈ ವೈರಸ್ ಇರುವಾಗ ಆ ಮಾತ್ರೆಗೆ ಹೀಗೆ ದದ್ದು ಏಳುವುದುಂಟು. ಅದರಿಂದಲೇ ಜೀವನಪೂರ್ತಿ ಪೆನಿಸಿಲಿನ್ ಅಲರ್ಜಿ ಎಂದು ತೀರ್ಮಾನಿಸಲಾಗದು. ಅವನ ಕುತ್ತಿಗೆಯ ಹಿಂಬದಿಯ ಗ್ರಂಥಿಗಳು ಊದಿದ್ದವು. ಅಂಗಾತ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು ಉಸಿರೆಳೆದುಕೊಳ್ಳಲು ಹೇಳಿದಾಗ ಗುಲ್ಮದ ಮೃದುವಾದ ಅಂಚು ಕೆಳಗಿಳಿದು ಬೆರಳ ತುದಿಗೆ ತಾಗಿತು. ಇದನ್ನು ಹಗುರವಾಗಿ ಒಮ್ಮೆ ನೋಡಬೇಕು, ಮನೆಯಲ್ಲಿ ಯಾರೂ ಒತ್ತಿ ನೋಡಬಾರದು. ಈ ಜ್ವರವನ್ನು ಪತ್ತೆಹಚ್ಚಲು ಮೊದಲ ವಾರ ಮಾಡಿದ ಮೊನೊಸ್ಪಾಟ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿತ್ತು. ಆ ವಾರದಲ್ಲಿ ಅದು ತಪ್ಪುವುದು ಹೊಸದಲ್ಲವಾದ್ದರಿಂದ ಮುಂದಿನ ವಾರ ಮತ್ತೆ ಮಾಡಿಸಿದೆವು, ಪಾಸಿಟಿವ್ ಬಂತು.

ಹತ್ತನೆಯ ದಿನಕ್ಕೆ ಅವನ ಜ್ವರ ಬಿಟ್ಟಿತು. ಹದಿನೆಂಟನೆಯ ದಿನ ಪಂದ್ಯವಿತ್ತು, ಅವನು ಅತ್ತೂ ಕೇಳಿದ. ನಾನು ಒಪ್ಪಲಿಲ್ಲ. ಏಕೆಂದರೆ ಜ್ವರ ಇಳಿದ ಮಾತ್ರಕ್ಕೆ ಗುಲ್ಮ ಇಳಿದಿರುವುದಿಲ್ಲ. ಹುಡುಗನಿಗೆ ಚೆನ್ನಾಗಿದೆ ಎನಿಸುವ ಹೊತ್ತೂ ಗುಲ್ಮ ಮೆತ್ತಗಿರುವ ಹೊತ್ತೂ ಒಂದೇ ಆಗಿರುತ್ತದೆ. ನಾನು ದಿನ ಎಣಿಸುವುದು ರಿಪೋರ್ಟ್ ಬಂದ ದಿನದಿಂದಲ್ಲ, ಲಕ್ಷಣಗಳು ಶುರುವಾದ ದಿನದಿಂದ. ಮೂರು ವಾರ ಕಳೆದು, ಜ್ವರವಿಲ್ಲದೆ, ಹಸಿವು ಮರಳಿದ್ದರೆ ನಡಿಗೆ ಮತ್ತು ನಿಧಾನದ ಓಟ. ಮೈಗೆ ಮೈ ತಾಗುವ ಆಟಕ್ಕೆ ಕನಿಷ್ಠ ನಾಲ್ಕು ವಾರ, ಕಬಡ್ಡಿ ಕುಸ್ತಿಗಳಿಗೆ ನಾನು ಆರು ವಾರವನ್ನೇ ಹೇಳುತ್ತೇನೆ. ಸ್ಕ್ಯಾನ್ ಮಾಡಿಸಿ ಬೇಗ ಬಿಡಬಹುದೇ ಎಂದು ಹಲವರು ಕೇಳುತ್ತಾರೆ. ಎತ್ತರದ ಹುಡುಗರಲ್ಲಿ ಗುಲ್ಮ ಸಹಜವಾಗಿಯೇ ದೊಡ್ಡದಿರುತ್ತದೆ. ಕಾಯಿಲೆಗೆ ಮುಂಚಿನ ಅಳತೆ ನಮ್ಮ ಬಳಿ ಇಲ್ಲದಿರುವಾಗ ಒಂದು ಸ್ಕ್ಯಾನ್‌ನ ಅಂಕಿಯನ್ನೇ ನಂಬಿ ಅಂಗಳಕ್ಕೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ.

ಸುಸ್ತು ಇನ್ನೂ ಹಲವು ವಾರ ಉಳಿದರೆ ಗಾಬರಿ ಬೇಡ, ಅದನ್ನು ಸೋಮಾರಿತನವೆಂದು ಬೈಯಲೂ ಬೇಡಿ. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್, ಸಾಕಷ್ಟು ನೀರು, ಮೆತ್ತನೆಯ ಊಟ ಸಾಕು, ಆಸ್ಪಿರಿನ್ ಕೊಡಬೇಡಿ. ಆದರೆ ಎಡಪಕ್ಕೆಯ ಕೆಳಗೆ ಇದ್ದಕ್ಕಿದ್ದಂತೆ ನೋವು, ಏಟು ಬೀಳದಿದ್ದರೂ ಎಡ ಹೆಗಲ ತುದಿಯಲ್ಲಿ ನೋವು, ಮುಖ ಬಿಳಿಚಿ ಎದ್ದರೆ ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ, ಶಸ್ತ್ರಚಿಕಿತ್ಸೆ ಮತ್ತು ರಕ್ತದ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಉಸಿರಾಡುವಾಗ ಗೊರಗೊರ ಸದ್ದಾಗುವುದು ಕಂಡರೂ ಹಾಗೆಯೇ ಮಾಡಿ. ಆಗ ಊದಿದ ಟಾನ್ಸಿಲ್‌ಗಳು ಉಸಿರಿನ ದಾರಿಯನ್ನೇ ಒತ್ತುತ್ತಿರುತ್ತವೆ.